ಒಂದು ಅಂಕಿ ತಪ್ಪಿದ ಸ್ಟಾಪ್ ಪೇಮೆಂಟ್

2018ರ ಜುಲೈ 12, ಗುರುವಾರ. ಊಟಕ್ಕೆ ಏಳಬೇಕು ಅನ್ನುವಷ್ಟರಲ್ಲಿ ಟೀಚರಮ್ಮ ಒಬ್ಬರು ಅವಸರದಲ್ಲಿ ಬಂದು, ಪಾಸ್‌ಬುಕ್ಕಿನೊಳಗೆ ಮಡಚಿಟ್ಟಿದ್ದ ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ನಾನಾಗ ತಾಲ್ಲೂಕು ಊರೊಂದರ ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿ. ಹಾಳೆಯಲ್ಲಿ ಹೀಗಿತ್ತು:

"ಮಾನ್ಯರೇ, ನಾನು ಮನೆ ಕಟ್ಟಿಸುತ್ತಿದ್ದು, ಬಾಗಿಲ ಚೌಕಟ್ಟಿಗಾಗಿ ಮರದ ಅಂಗಡಿಯವರಿಗೆ ಎಂಬತ್ತು ಚಿಲ್ಲರೆ ಸಾವಿರದ ಚೆಕ್ ಕೊಟ್ಟಿರುತ್ತೇನೆ. ಅವರು ನಂಬಿಸಿ ಮೋಸ ಮಾಡಿರುತ್ತಾರೆ. ಚೆಕ್ ನಂ. 4815, ಬರುವ ಸೋಮವಾರದ್ದು. ಆದ್ದರಿಂದ ಸದರಿ ಚೆಕ್ಕನ್ನು ಪಾಸು ಮಾಡದೆ ಸಹಕರಿಸಬೇಕಾಗಿ ವಿನಂತಿ."

ಸಹಿ ತಾಳೆ ನೋಡಿದೆ, ಸೀಲು ಹೊಡೆದೆ, ಕಂಪ್ಯೂಟರಿನಲ್ಲಿ 004815ನ್ನು ತಡೆಹಿಡಿದೆ. ಮಂಗಳವಾರದ ಕ್ಲಿಯರಿಂಗ್‌ನಲ್ಲಿ ಅದೇ ಅಂಗಡಿಯ ಹೆಸರಿನ ಚೆಕ್ ಬಂತು. ಮೊತ್ತ 84,500 ರೂಪಾಯಿ, ಸಂಖ್ಯೆ 004816. ಖಾತೆಯಲ್ಲಿ ಹಣವಿತ್ತು, ಸಹಿ ಸರಿಯಿತ್ತು. ಪಾಸಾಯಿತು.

ಬುಧವಾರ ಬೆಳಿಗ್ಗೆ ಶಾಖೆಯ ಶಟರ್ ಎತ್ತುವಾಗಲೇ ಟೀಚರಮ್ಮ ಮೆಟ್ಟಿಲ ಮೇಲಿದ್ದರು. "ಏನ್ ಸಾರ್, ಬರೆದುಕೊಟ್ಟ ಮೇಲೂ ದುಡ್ಡು ಹೋಯ್ತಲ್ಲ!" ಅಂದರು. ಚೆಕ್ ಬುಕ್ ತರಿಸಿ ನೋಡಿದೆವು. 004815ನೇ ಹಾಳೆಯಲ್ಲಿ ಅಂಗಡಿಯ ಹೆಸರು ತಪ್ಪಾಗಿ ಬರೆದು, ಅಡ್ಡಗೆರೆ ಎಳೆದು, ಮನೆಯಲ್ಲೇ ಇಟ್ಟುಕೊಂಡಿದ್ದರು. ಆಮೇಲೆ ಮುಂದಿನ ಹಾಳೆಯಲ್ಲಿ ಸರಿಯಾಗಿ ಬರೆದು ಕೊಟ್ಟಿದ್ದರು. ಆದರೆ ಚೆಕ್ ಬುಕ್ಕಿನ ಮುಂದಿರುವ ವಿವರದ ಪಟ್ಟಿಯಲ್ಲಿ ತುಂಬಿದ್ದು ಹಾಳಾದ ಹಾಳೆಯ ಸಾಲನ್ನು ಮಾತ್ರ. ಅರ್ಜಿ ಬರೆಯುವಾಗ ಅದನ್ನೇ ನೋಡಿ ಇಳಿಸಿಕೊಂಡಿದ್ದರು. ಅವರು ಬರೆದ ಸಂಖ್ಯೆ ಸುಳ್ಳಲ್ಲ, ಅದು ಬೇರೆ ಚೆಕ್ಕಿನದು, ಅಷ್ಟೆ.

ಹೀಗೇಕಾಯಿತು ಎಂದು ತಿಳಿಯಲು ಕೌಂಟರಿನ ಈಚೆ ಬದಿಗೆ ಬರಬೇಕು. ಅರ್ಜಿ ಕೊಟ್ಟವರು ತಮ್ಮ ಪತ್ರವನ್ನು ಯಾರೋ ಒಬ್ಬರು ಎದುರಿಗಿಟ್ಟುಕೊಂಡು, ಬರುವ ಚೆಕ್ಕುಗಳನ್ನೆಲ್ಲ ಅದಕ್ಕೆ ಹೋಲಿಸಿ ನೋಡುತ್ತಾರೆ ಎಂದುಕೊಂಡಿರುತ್ತಾರೆ. ಪತ್ರ ಫೈಲಿಗೆ ಹೋಗುತ್ತದೆ. ಕಾವಲಿಗೆ ಉಳಿಯುವುದು ಕಂಪ್ಯೂಟರಿಗೆ ಊಡಿಸಿದ ಎರಡೇ ಸಂಖ್ಯೆ, ಖಾತೆಯದು ಮತ್ತು ಚೆಕ್ಕಿನದು. ಕ್ಲಿಯರಿಂಗ್‌ನಲ್ಲಿ ಬಂದ ಚೆಕ್ಕಿನ ಕೆಳಗಿನ ಬಿಳಿ ಪಟ್ಟಿಯನ್ನು ಯಂತ್ರ ಓದಿ ಆ ಎರಡನ್ನು ತಾಳೆ ನೋಡುತ್ತದೆ. ಹೊಂದಿದರೆ ತಡೆ, ಇಲ್ಲದಿದ್ದರೆ ದಾರಿ ಸಲೀಸು. ಮರದ ಅಂಗಡಿ, ಮೋಸ, ಬರುವ ಸೋಮವಾರ, ಇದೊಂದೂ ಯಂತ್ರಕ್ಕೆ ಕಾಣಿಸುವುದಿಲ್ಲ.

ಇದು ಕಂಪ್ಯೂಟರ್ ಬಂದ ಮೇಲಿನ ಕಥೆಯೂ ಅಲ್ಲ. ವೆಸ್ಟ್‌ಮಿನ್ಸ್ಟರ್ ಬ್ಯಾಂಕ್ ಮತ್ತು ಹಿಲ್ಟನ್ ಎಂಬ ಗ್ರಾಹಕನ ನಡುವಿನ ಇಂಥದೇ ವ್ಯಾಜ್ಯ 1926ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ವರೆಗೆ ಹೋಗಿತ್ತು. ಚೆಕ್ ತಡೆಯಲು ಹಿಲ್ಟನ್ ತಂತಿ ಕೊಟ್ಟಿದ್ದ. ಯಾರ ಹೆಸರಿನ ಚೆಕ್, ಎಷ್ಟು ಹಣ, ಎರಡೂ ಸರಿಯಾಗಿದ್ದವು. ಚೆಕ್ ಸಂಖ್ಯೆಯ ಕೊನೆಯ ಅಂಕಿ ಮಾತ್ರ ತಪ್ಪಿತ್ತು. ತಡೆದ ಚೆಕ್ಕಿನ ಬದಲಿಗೆ ಹೊಸದು ಕೊಟ್ಟಿರಬೇಕು ಎಂದುಕೊಂಡು ಬ್ಯಾಂಕಿನವರು ಹಣ ಕೊಟ್ಟುಬಿಟ್ಟರು. ಚೆಕ್ಕನ್ನು ಖಚಿತವಾಗಿ ಗುರುತಿಸುವುದು ಅದರ ಸಂಖ್ಯೆಯೇ ಎಂದು ಹೇಳಿ ನ್ಯಾಯಾಲಯ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಆ ತೀರ್ಪನ್ನು ನಾನು ಬಡ್ತಿಯ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದು ನನ್ನ ಮೇಜಿನ ಮೇಲೇ ಬಂದು ಕೂತಾಗ ಗುರುತು ಸಿಗಲಿಲ್ಲ.

ಟೀಚರಮ್ಮನ ಅರ್ಜಿಯನ್ನು ಆಮೇಲೆ ಒಂದು ಸಂಜೆ ನಾನೇ ತಿದ್ದಿ ಬರೆದು ನೋಡಿದೆ. ಹೀಗೆ ಬರೆದಿದ್ದರೆ ಕೆಲಸ ಆಗುತ್ತಿತ್ತು:

ವಿಷಯ: ಚೆಕ್ ಸಂಖ್ಯೆ 004816ಕ್ಕೆ ಹಣ ಕೊಡದಂತೆ ತಡೆಯುವ ಬಗ್ಗೆ.

ನನ್ನ ಉಳಿತಾಯ ಖಾತೆಯ (ಖಾತೆ ಸಂಖ್ಯೆ ಪೂರ್ತಿ) ಈ ಒಂದು ಚೆಕ್ಕಿಗೆ ಹಣ ಕೊಡಬೇಡಿ.

ಚೆಕ್ ಸಂಖ್ಯೆ: 004816 (ಸೊನ್ನೆ, ಸೊನ್ನೆ, ನಾಲ್ಕು, ಎಂಟು, ಒಂದು, ಆರು)
ಚೆಕ್ಕಿನ ಮೇಲಿರುವ ತಾರೀಕು: 16 ಜುಲೈ 2018
ಮೊತ್ತ: ರೂ. 84,500 (ಎಂಬತ್ನಾಲ್ಕು ಸಾವಿರದ ಐನೂರು ಮಾತ್ರ)
ಯಾರ ಹೆಸರಿಗೆ: (ಚೆಕ್ಕಿನಲ್ಲಿ ಬರೆದಂತೆಯೇ ಅಂಗಡಿಯ ಹೆಸರು)
ಕಾರಣ: ತೇಗದ ಚೌಕಟ್ಟಿಗೆ ಒಪ್ಪಂದವಾಗಿತ್ತು. ಬೇರೆ ಮರದ್ದು ಬಂದಿದ್ದರಿಂದ 11 ಜುಲೈ 2018ರಂದು ಸರಕು ವಾಪಸ್ ಕಳಿಸಿದ್ದೇನೆ.

ಇದಕ್ಕೆ ಹಿಂದಿನ 004815 ಹಾಳಾದ ಹಾಳೆ, ನನ್ನ ಬಳಿಯೇ ಇದೆ.

ಅರ್ಜಿ ಕೊಟ್ಟದ್ದು: 12 ಜುಲೈ 2018, ಮಧ್ಯಾಹ್ನ 1.40.

ಮೊದಲಿನ ಅರ್ಜಿಗಿಂತ ಇದು ಉದ್ದವೇ. "ಸದರಿ", "ಸಹಕರಿಸಬೇಕಾಗಿ" ಹೋಗಿ ಆ ಜಾಗಕ್ಕೆ ಅಂಕಿಗಳು ಬಂದವು. ಸಂಖ್ಯೆಯನ್ನು ಅಕ್ಷರದಲ್ಲೂ ಬರೆದದ್ದು ಅತಿಯಾಯಿತು ಅನ್ನಿಸಬಹುದು. ಆದರೆ ಕೈಬರಹದಲ್ಲಿ 1 ಯಾವುದು, 7 ಯಾವುದು ಎಂದು ತಿಣುಕಿದವರಿಗೆ ಹಾಗನ್ನಿಸುವುದಿಲ್ಲ. ಅರ್ಜಿಯನ್ನು ಧಾರಾಳವಾಗಿ ಕನ್ನಡದಲ್ಲಿ ಬರೆಯಿರಿ, ಆದರೆ ಚೆಕ್ ಸಂಖ್ಯೆಯನ್ನು ಚೆಕ್ಕಿನಲ್ಲಿ ಅಚ್ಚಾದ ಅಂಕಿಗಳಲ್ಲೇ ಬರೆಯಿರಿ. ಅವಸರದ ಕೈಯಲ್ಲಿ ಕನ್ನಡದ ೬ ಮತ್ತು ೯ ಅಣ್ಣತಮ್ಮಂದಿರಾಗಿಬಿಡುತ್ತವೆ. ಮುಂದಿನ ಸೊನ್ನೆಗಳನ್ನೂ ಬಿಡಬೇಡಿ, ಆರು ಅಂಕಿ ಎಂದರೆ ಆರೂ ಬೇಕು. ಕೆಳಗಿನ ಬಿಳಿ ಪಟ್ಟಿಯ ಎಡತುದಿಯಲ್ಲಿರುವ ಆರು ಅಂಕಿಯೇ ಚೆಕ್ ಸಂಖ್ಯೆ. ಅದರ ಪಕ್ಕದ ಒಂಬತ್ತು ಅಂಕಿ ಊರು, ಬ್ಯಾಂಕು, ಶಾಖೆಗಳ ಗುರುತು, ಆ ಶಾಖೆಯ ಎಲ್ಲರ ಚೆಕ್ಕಿಗೂ ಅದೇ. ಅದನ್ನು ಬರೆದುಕೊಟ್ಟವರನ್ನೂ ಕಂಡಿದ್ದೇನೆ.

ಚೆಕ್ ಕೈಬಿಟ್ಟು ಹೋಗಿರುವಾಗ ಸಂಖ್ಯೆ ಎಲ್ಲಿ ನೋಡುವುದು? ಬುಕ್ಕಿನಲ್ಲಿ ಉಳಿದಿರುವ ಮೊದಲ ಹಾಳೆಯ ಸಂಖ್ಯೆ ನೋಡಿ, ಹಿಂದಕ್ಕೆ ಎಣಿಸುತ್ತ ಹೋಗಿ. ಪ್ರತಿಯೊಂದು ಹಾಳೆಯೂ ಏನಾಯಿತು ಎಂದು ಪಾಸ್‌ಬುಕ್ಕಿನ ಜೊತೆ ಹೋಲಿಸಿ. ಲೆಕ್ಕಕ್ಕೆ ಸಿಗದೆ ಉಳಿದದ್ದೇ ನಿಮ್ಮ ಚೆಕ್. ಎರಡರಲ್ಲಿ ಯಾವುದೆಂದು ಗೊಂದಲವಾದರೆ ಎರಡನ್ನೂ ತಡೆಯಲು ಬರೆದುಕೊಡಿ. ಒಂದು ಶುಲ್ಕ ಹೆಚ್ಚು ಬೀಳಬಹುದು, ಬೀಳಲಿ.

ಹಾಗಾದರೆ ತಾರೀಕು, ಮೊತ್ತ ಯಾಕೆ ಬೇಕು? ಯಂತ್ರಕ್ಕಲ್ಲ, ಎದುರಿಗೆ ಕೂತ ಮನುಷ್ಯನಿಗೆ. ಸಂಖ್ಯೆ ತಪ್ಪಿದ್ದರೆ ಅದನ್ನು ಹಿಡಿಯುವ ಅವಕಾಶ ಅವನಿಗೊಬ್ಬನಿಗೇ. ಅಂದು ಅರ್ಜಿಯಲ್ಲಿ "84,500" ಎಂದೇ ಇದ್ದಿದ್ದರೆ, ಮಂಗಳವಾರ ಅದೇ ಮೊತ್ತದ ಚೆಕ್ ಪರದೆಯ ಮೇಲೆ ಬಂದಾಗ ನನಗೆ ಒಂದು ಕ್ಷಣ ಖಟ್ಟನೆ ಹೊಳೆಯುತ್ತಿತ್ತೋ ಏನೋ. "ಎಂಬತ್ತು ಚಿಲ್ಲರೆ" ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ. ತಾರೀಕಿನದೂ ಹಾಗೆಯೇ. ಬೇಕಾದದ್ದು ಚೆಕ್ಕಿನ ಮೇಲಿನ ತಾರೀಕು, ಚೆಕ್ ಕೊಟ್ಟ ದಿನದ್ದಲ್ಲ, ಅರ್ಜಿ ಬರೆದ ದಿನದ್ದೂ ಅಲ್ಲ. ಮುಂದಿನ ತಾರೀಕಿನ ಚೆಕ್ಕಿನಲ್ಲಿ ಈ ಮೂರೂ ಬೇರೆಬೇರೆ. ತಿಂಗಳನ್ನು ಅಕ್ಷರದಲ್ಲಿ ಬರೆದರೆ 6-7 ಎಂದರೆ ಜೂನೋ ಜುಲೈಯೋ ಎಂಬ ಪ್ರಶ್ನೆ ಏಳುವುದಿಲ್ಲ. ಚೆಕ್ಕಿನ ಮೇಲಿನ ತಾರೀಕಿನಿಂದ ಮೂರು ತಿಂಗಳಷ್ಟೇ ಅದಕ್ಕೆ ಆಯುಷ್ಯ. ತಾರೀಕು ಗೊತ್ತಿದ್ದರೆ ಆ ಚೆಕ್ಕಿನ ಭಯ ಎಲ್ಲಿಯವರೆಗೆ ಎಂಬುದೂ ಗೊತ್ತಾಗುತ್ತದೆ.

ಕಾರಣ ಯಂತ್ರಕ್ಕೂ ಬೇಡ, ಹೆಚ್ಚುಕಮ್ಮಿ ಗುಮಾಸ್ತನಿಗೂ ಬೇಡ. ಅದನ್ನು ಗಮನವಿಟ್ಟು ಓದುವವರು ಮುಂದೆ ಎಂದಾದರೂ ಬರಬಹುದಾದ ವಕೀಲರು, ನ್ಯಾಯಾಧೀಶರು. ಚೆಕ್ ತಡೆದರೆ ಅದು ಬೌನ್ಸ್ ಅಲ್ಲ, ಕೇಸಾಗುವುದಿಲ್ಲ ಎಂಬ ನಂಬಿಕೆ ಊರೂರಲ್ಲಿ ಇದೆ. ತಪ್ಪು. ಹಣ ತಡೆಯಲು ಬರೆದುಕೊಟ್ಟದ್ದರಿಂದಲೇ 138ನೇ ಕಲಂನಿಂದ ಪಾರಾಗಲಾಗದು ಎಂದು ಸುಪ್ರೀಂ ಕೋರ್ಟ್ 1998ರ ಮೋದಿ ಸಿಮೆಂಟ್ಸ್ ತೀರ್ಪಿನಲ್ಲಿ ಹೇಳಿದೆ. ಹಣ ಸಿಗದವನು ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬಹುದು. ನೋಟಿಸ್ ಮುಟ್ಟಿದ 15 ದಿನದಲ್ಲಿ ಹಣ ಕೊಡದಿದ್ದರೆ ಪ್ರಕರಣ. ಆದರೆ ತಡೆದ ಹೊತ್ತಿಗೆ ಖಾತೆಯಲ್ಲಿ ಸಾಕಷ್ಟು ಹಣವಿತ್ತು, ತಡೆಗೆ ನ್ಯಾಯವಾದ ಕಾರಣವಿತ್ತು ಎಂದು ಚೆಕ್ ಕೊಟ್ಟವನು ತೋರಿಸಿಕೊಟ್ಟರೆ ಅಪರಾಧ ನಿಲ್ಲುವುದಿಲ್ಲ ಎಂದು 2001ರ ಎಂಎಂಟಿಸಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ತೋರಿಸುವ ಹೊಣೆ ಮಾತ್ರ ಅವನದೇ.

ಅದಕ್ಕೇ "ಮೋಸ ಮಾಡಿರುತ್ತಾರೆ" ಎಂಬುದನ್ನು ತೆಗೆದು, ಏನು ಒಪ್ಪಂದವಾಗಿತ್ತು, ಏನು ಬಂತು, ಯಾವತ್ತು ವಾಪಸ್ ಹೋಯಿತು ಎಂದು ಬರೆದೆ. ಮೊದಲನೆಯದು ಸಿಟ್ಟು, ಎರಡನೆಯದು ಸಾಕ್ಷ್ಯ. ಅರ್ಜಿ ಕೊಟ್ಟ ದಿನ ಖಾತೆಯಲ್ಲಿ ಎಷ್ಟಿತ್ತು ಎಂಬುದಕ್ಕೆ ಸ್ಟೇಟ್‌ಮೆಂಟ್ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಕೆಲವರು ಜಗಳದ ಕಥೆ ಯಾಕೆ ಎಂದು "ಚೆಕ್ ಕಳೆದುಹೋಗಿದೆ" ಎಂದು ಬರೆದುಬಿಡುತ್ತಾರೆ. ಕಳೆದುಹೋದ ಚೆಕ್ ಅಂಗಡಿಯವನ ಕೈಯಲ್ಲಿ, ಅವನದೇ ಹೆಸರಿನಲ್ಲಿ, ನಿಮ್ಮದೇ ಅಕ್ಷರದಲ್ಲಿ ಇದ್ದದ್ದು ಹೇಗೆ ಎಂದು ಎದುರು ವಕೀಲ ಕೇಳಿದಾಗ ಹೇಳಲು ಏನೂ ಇರುವುದಿಲ್ಲ. ನಿಜವಾಗಿ ಕಳೆದಿದ್ದರೆ ಎಲ್ಲಿ, ಯಾವಾಗ, ಸಹಿ ಹಾಕಿತ್ತೋ ಖಾಲಿಯಿತ್ತೋ ಎಂದು ಬರೆಯಬೇಕು.

ಇನ್ನು ವೇಳೆ. ಲಂಡನ್ನಿನಲ್ಲಿ ತೀರ್ಮಾನವಾದ ಕರ್ಟಿಸ್ ಎಂಬುವನ ಮೊಕದ್ದಮೆ ನನಗೆ ಬಲು ಇಷ್ಟ. ಕುದುರೆಗಳಿಗೆಂದು ಚೆಕ್ ಕೊಟ್ಟ, ಕುದುರೆ ಬರಲಿಲ್ಲ, ಬ್ಯಾಂಕಿಗೆ ತಂತಿ ಹೊಡೆದ. ಬಾಗಿಲು ಹಾಕಿದ್ದರಿಂದ ತಂತಿಯನ್ನು ಟಪ್ಪಾಲು ಪೆಟ್ಟಿಗೆಗೆ ಹಾಕಿ ಹೋದರು. ಮರುದಿನ ಅದನ್ನು ಯಾರೂ ಗಮನಿಸಲಿಲ್ಲ, ಚೆಕ್ ಪಾಸಾಯಿತು. ಬ್ಯಾಂಕಿನವರ ಕಣ್ಣಿಗೆ ಬೀಳುವವರೆಗೆ ತಡೆ ತಡೆಯಲ್ಲ ಎಂದು ಕೋರ್ಟ್ ಹೇಳಿತು. ನಮ್ಮಲ್ಲಿ ಈಗ ಇದು ಇನ್ನೂ ಬಿಗಿ. 2018ರಲ್ಲಿ ಚೆಕ್ ಹಾಕಿದ ಮರುದಿನದವರೆಗೆ ಉಸಿರಾಡಲು ಸಮಯವಿತ್ತು. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕಿನ ಹೊಸ ವ್ಯವಸ್ಥೆಯಲ್ಲಿ ಬಂದ ಚೆಕ್ಕುಗಳ ಚಿತ್ರ ಆಗಿಂದಾಗಲೇ ಹೊರಡುತ್ತದೆ. ಹಣ ಕೊಡಬೇಕಾದ ಬ್ಯಾಂಕು ಅದೇ ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ಏನೂ ಹೇಳದಿದ್ದರೆ ಒಪ್ಪಿದಂತೆಯೇ ಲೆಕ್ಕ. ಚೆಕ್ ಬ್ಯಾಂಕಿಗೆ ಬೀಳುವ ದಿನ ಬೆಳಿಗ್ಗೆಯೇ ತಡೆ ಕಂಪ್ಯೂಟರಿನಲ್ಲಿ ಕೂತಿರಬೇಕು. ಮೊಬೈಲ್ ಆ್ಯಪ್‌ನಲ್ಲಿ ಮಾಡಿದರೆ ಕೂಡಲೇ ಆಗುತ್ತದೆ, ಆದರೆ ಅಲ್ಲಿಯೂ ಸಂಖ್ಯೆ ಒತ್ತುವುದು ನಿಮ್ಮದೇ ಬೆರಳು. ಶಾಖೆಗೆ ಕೊಟ್ಟರೆ ಪ್ರತಿಯ ಮೇಲೆ ಸೀಲು, ಸಹಿಯ ಜೊತೆ ಗಂಟೆಯನ್ನೂ ಬರೆಸಿಕೊಳ್ಳಿ. ಎದ್ದು ಬರುವ ಮೊದಲು "ಪರದೆಯ ಮೇಲೆ ಯಾವ ನಂಬರ್ ಹಾಕಿದಿರಿ, ಓದಿ ಹೇಳಿ ಸಾರ್" ಎಂದು ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಟೀಚರಮ್ಮನ ಹಣ ವಾಪಸ್ ಬರಲಿಲ್ಲ. ಎರಡು ತಿಂಗಳು ಓಡಾಡಿಸಿ ಅಂಗಡಿಯವನು ಚೌಕಟ್ಟು ಬದಲಿಸಿ ಕೊಟ್ಟನಂತೆ. ಮುಂದೊಮ್ಮೆ ಪಾಸ್‌ಬುಕ್ ಬರೆಸಲು ಬಂದವರು ಒಂದು ಸಾಲಿನ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. ಅವರ ಮನೆಯ ಬೀರುವಿನಲ್ಲಿ ಅಡ್ಡಗೆರೆ ಹೊತ್ತು ಮಲಗಿದ್ದ 004815ನ್ನು ತಡೆದದ್ದಕ್ಕೆ ನಾವು ಹಿಡಿದ ಶುಲ್ಕ, ಜಿಎಸ್‌ಟಿ ಸಹಿತ.