ಗೃಹಸಾಲ ಸಿಕ್ಕ ತಿಂಗಳೇ ಬರೆಯಬೇಕಾದ ಪತ್ರ

ಪ್ರತಿ ಏಪ್ರಿಲ್‌ನಲ್ಲಿ ಕಂಪನಿಯ ಪೇರೋಲ್ ವಿಭಾಗ ಉದ್ಯೋಗಿಗಳನ್ನು ಒಂದು ಪ್ರಶ್ನೆ ಕೇಳುತ್ತದೆ. ಈ ವರ್ಷ ಬಾಡಿಗೆ ಎಷ್ಟು ಕಟ್ಟುತ್ತೀರಿ, ವಿಮೆಗೆ ಎಷ್ಟು, ಪಿಎಫ್‌ಗೆ ಎಷ್ಟು, ಸಾಲವೇನಾದರೂ ಇದೆಯೇ? ನಾವು ಕೊಡುವ ಉತ್ತರವೇ ಇನ್ವೆಸ್ಟ್‌ಮೆಂಟ್ ಡಿಕ್ಲರೇಷನ್, ಅಂದರೆ ಹೂಡಿಕೆ ಘೋಷಣೆ. ಅದರ ಆಧಾರದ ಮೇಲೆ ಪೇರೋಲ್‌ನವರು ಇಡೀ ವರ್ಷದ ತೆರಿಗೆಯನ್ನು ಅಂದಾಜು ಮಾಡಿ, ಹನ್ನೆರಡು ಭಾಗ ಮಾಡಿ, ತಿಂಗಳು ತಿಂಗಳು ಸಂಬಳದಲ್ಲಿ ಟಿಡಿಎಸ್ ಮುರಿದುಕೊಳ್ಳುತ್ತಾರೆ.

ಏಪ್ರಿಲ್‌ನಲ್ಲಿ ಇಲ್ಲದ ಗೃಹಸಾಲ ಸೆಪ್ಟೆಂಬರ್‌ನಲ್ಲಿ ಬಂದರೆ? ಆ ಅಂದಾಜು ಅಲ್ಲಿಗೆ ಹಳತಾಯಿತು. ಆದರೆ ನಾವು ಹೇಳುವವರೆಗೂ ಪೇರೋಲ್‌ನವರಿಗೆ ಅದು ಗೊತ್ತಾಗುವುದಿಲ್ಲ. ವರ್ಷದ ನಡುವೆ ಅಂದಾಜು ಬದಲಾದರೆ ಹೆಚ್ಚು ಮುರಿದದ್ದನ್ನೂ ಕಡಿಮೆ ಮುರಿದದ್ದನ್ನೂ ಉಳಿದ ತಿಂಗಳುಗಳಲ್ಲಿ ಸರಿದೂಗಿಸಲು 1961ರ ಆದಾಯ ತೆರಿಗೆ ಕಾಯ್ದೆಯ 192ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅದಕ್ಕೆ ನಮ್ಮ ಕಡೆಯಿಂದ ಬೇಕಾದದ್ದು ಒಂದು ಪತ್ರ.

ಒಂದು ಉದಾಹರಣೆ ಹಿಡಿದು ನೋಡೋಣ. ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬಾಕೆ. ಸುಮಾ ಎಂದು ಕರೆಯೋಣ. 2025-26ನೇ ಹಣಕಾಸು ವರ್ಷದಲ್ಲಿ ಆಕೆಯ ಸಂಬಳ 15 ಲಕ್ಷ ರೂಪಾಯಿ. ಅದರಲ್ಲಿ ಮೂಲ ವೇತನ 7.5 ಲಕ್ಷ, ಮನೆ ಬಾಡಿಗೆ ಭತ್ಯೆ 3 ಲಕ್ಷ. ಬೆಂಗಳೂರಿನ ಮನೆಗೆ ತಿಂಗಳಿಗೆ 30,000 ಬಾಡಿಗೆ. ಊರಾದ ಹಾಸನದಲ್ಲಿ ಅಪ್ಪ ಅಮ್ಮನಿಗಾಗಿ ಮನೆ ಕೊಳ್ಳುವ ಯೋಚನೆ ಮೊದಲೇ ಇದ್ದುದರಿಂದ ಏಪ್ರಿಲ್‌ನಲ್ಲಿ ಹಳೆ ತೆರಿಗೆ ಪದ್ಧತಿಯನ್ನೇ ಆರಿಸಿಕೊಂಡಿದ್ದಳು. ಸಾಲ ಇನ್ನೂ ಮಂಜೂರಾಗಿರಲಿಲ್ಲ, ಹಾಗಾಗಿ ಅದನ್ನು ಘೋಷಣೆಯಲ್ಲಿ ಬರೆದಿರಲಿಲ್ಲ.

ಆಗಿನ ಲೆಕ್ಕ ಹೀಗಿತ್ತು. 15 ಲಕ್ಷದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಬಾಡಿಗೆ ಭತ್ಯೆಯ ವಿನಾಯಿತಿ 2,85,000, ಪಿಎಫ್ ಮತ್ತು ಜೀವವಿಮೆ ಸೇರಿ 80ಸಿ ಅಡಿ 1,10,000, ಆರೋಗ್ಯ ವಿಮೆ 25,000 ಕಳೆದರೆ ಉಳಿಯುವುದು 10,30,000. ಇದಕ್ಕೆ ಸೆಸ್ ಸೇರಿ ತೆರಿಗೆ 1,26,360 ರೂಪಾಯಿ. ತಿಂಗಳಿಗೆ 10,530. (ವೃತ್ತಿ ತೆರಿಗೆಯ ಸಣ್ಣ ಮೊತ್ತವನ್ನು ಇಲ್ಲಿ ಬಿಟ್ಟಿದ್ದೇನೆ.)

ಸೆಪ್ಟೆಂಬರ್ ಮೊದಲ ದಿನ ಬ್ಯಾಂಕು ಶೇ 8.5ರ ಬಡ್ಡಿಗೆ, 20 ವರ್ಷದ ಅವಧಿಗೆ 40 ಲಕ್ಷ ಸಾಲ ಕೊಟ್ಟಿತು. ಮನೆ ಕಟ್ಟಿ ಮುಗಿದದ್ದು. ನೋಂದಣಿಯಾಗಿ ಬೀಗದ ಕೈಯೂ ಸಿಕ್ಕಿತು. ತಿಂಗಳ ಕಂತು ಸುಮಾರು 34,700. ಆರಂಭದ ಕಂತುಗಳಲ್ಲಿ ಬಡ್ಡಿಯ ಪಾಲೇ ಹೆಚ್ಚು. ಮಾರ್ಚ್ 31ರವರೆಗಿನ ಏಳು ತಿಂಗಳಿಗೆ ಬಡ್ಡಿ ಸುಮಾರು 1,97,000, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಆರು ಕಂತುಗಳಲ್ಲಿ ತೀರುವ ಅಸಲು ಸುಮಾರು 39,000.

ಇಲ್ಲಿ ಬಡ್ಡಿ ಮತ್ತು ಅಸಲು ಬೇರೆ ಬೇರೆ ದಾರಿ ಹಿಡಿಯುತ್ತವೆ. ಸ್ವಂತ ವಾಸದ ಮನೆಯ ಬಡ್ಡಿಗೆ 24(ಬಿ) ಸೆಕ್ಷನ್ ಪ್ರಕಾರ ವರ್ಷಕ್ಕೆ 2 ಲಕ್ಷದವರೆಗೆ ಕಡಿತವಿದೆ. ಅಸಲು ಹೋಗುವುದು 80ಸಿಗೆ. ಅಲ್ಲಿ ಪಿಎಫ್, ವಿಮೆ ಎಲ್ಲ ಸೇರಿ ಮಿತಿ 1.5 ಲಕ್ಷ. ಸುಮಾಳ 1,10,000ಕ್ಕೆ 39,000 ಸೇರಿದರೆ 1,49,000. ಮಿತಿ ಬಹುಮಟ್ಟಿಗೆ ತುಂಬಿತು. ಮನೆ ನೋಂದಣಿಗೆ ಕಟ್ಟಿದ ಮುದ್ರಾಂಕ ಶುಲ್ಕವೂ ಇದೇ 80ಸಿಯೊಳಗೆ ಬರುವುದರಿಂದ, ಲಕ್ಷಗಟ್ಟಲೆ ಕಟ್ಟಿದ್ದರೂ ಆಕೆಗೆ ಅದರಿಂದ ಸಿಗುವುದು ಇನ್ನು ಸಾವಿರ ರೂಪಾಯಿಯ ಕಡಿತ ಮಾತ್ರ.

ಹೊಸ ಲೆಕ್ಕದಲ್ಲಿ ತೆರಿಗೆಗೆ ಒಳಪಡುವ ಆದಾಯ 7,94,000ಕ್ಕೆ ಇಳಿಯುತ್ತದೆ. ಸೆಸ್ ಸೇರಿ ತೆರಿಗೆ 74,152. ಉಳಿತಾಯ 52,208 ರೂಪಾಯಿ. ಈ ಹಣ ಆಕೆಯ ಕೈಗೆ ಯಾವಾಗ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಪತ್ರದ ತಾರೀಖು.

ಅಕ್ಟೋಬರ್ ಮೊದಲ ವಾರ ಆಕೆ ಬರೆದ ಪತ್ರ ಹೀಗಿತ್ತು:

"ಪೇರೋಲ್ ವಿಭಾಗಕ್ಕೆ,

ವಿಷಯ: 2025-26ನೇ ಸಾಲಿನ ಹೂಡಿಕೆ ಘೋಷಣೆಗೆ ತಿದ್ದುಪಡಿ

ಮಾನ್ಯರೇ,

ಏಪ್ರಿಲ್‌ನಲ್ಲಿ ಹಳೆ ತೆರಿಗೆ ಪದ್ಧತಿಯಡಿ ನನ್ನ ಹೂಡಿಕೆ ಘೋಷಣೆ ಸಲ್ಲಿಸಿದ್ದೆ. ಆಗ ನನಗೆ ಗೃಹಸಾಲ ಇರಲಿಲ್ಲ. 2025ರ ಸೆಪ್ಟೆಂಬರ್ 1ರಂದು ಬ್ಯಾಂಕಿನಿಂದ 40 ಲಕ್ಷ ರೂಪಾಯಿ ಗೃಹಸಾಲ ಪಡೆದು ಹಾಸನದಲ್ಲಿ ಕಟ್ಟಿ ಮುಗಿದ ಮನೆಯನ್ನು ಕೊಂಡಿದ್ದೇನೆ. ಅದೇ ತಿಂಗಳು ಮನೆ ನನ್ನ ಸ್ವಾಧೀನಕ್ಕೆ ಬಂದಿದೆ. ಮನೆ ಮತ್ತು ಸಾಲ ಎರಡೂ ನನ್ನೊಬ್ಬಳ ಹೆಸರಿನಲ್ಲಿವೆ. ಮನೆಯನ್ನು ಬಾಡಿಗೆಗೆ ಕೊಟ್ಟಿಲ್ಲ.

ಬ್ಯಾಂಕಿನ ತಾತ್ಕಾಲಿಕ ಪ್ರಮಾಣಪತ್ರದ ಪ್ರಕಾರ 2026ರ ಮಾರ್ಚ್ 31ರವರೆಗೆ ಬಡ್ಡಿ 1,97,000 ರೂಪಾಯಿ, ಅಸಲು ಮರುಪಾವತಿ 39,000 ರೂಪಾಯಿ. ಬಡ್ಡಿಯನ್ನು ಮನೆ ಆಸ್ತಿಯ ನಷ್ಟವಾಗಿಯೂ ಅಸಲನ್ನು 80ಸಿ ಅಡಿಯೂ ಪರಿಗಣಿಸಬೇಕೆಂದು ಕೋರುತ್ತೇನೆ.

ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲೇ ಮುಂದುವರಿಯುತ್ತಿದ್ದೇನೆ. ಬಾಡಿಗೆ, ವಿಮೆ ಮುಂತಾದ ಉಳಿದ ವಿವರಗಳಲ್ಲಿ ಬದಲಾವಣೆ ಇಲ್ಲ. ಅಕ್ಟೋಬರ್ ಸಂಬಳದಿಂದಲೇ ಟಿಡಿಎಸ್ ಮರುಲೆಕ್ಕ ಮಾಡಬೇಕಾಗಿ ವಿನಂತಿ. ತಿದ್ದಿದ ಫಾರಂ 12ಬಿಬಿ, ಬ್ಯಾಂಕಿನ ಪ್ರಮಾಣಪತ್ರ, ಸಾಲ ಮಂಜೂರಾತಿ ಪತ್ರ ಮತ್ತು ಕ್ರಯಪತ್ರದ ಪ್ರತಿಗಳನ್ನು ಲಗತ್ತಿಸಿದ್ದೇನೆ. ಬ್ಯಾಂಕಿನ ವಿಳಾಸ ಮತ್ತು ಪ್ಯಾನ್ ಸಂಖ್ಯೆ ಫಾರಂನಲ್ಲಿವೆ.

ಇಂತಿ ತಮ್ಮ ವಿಶ್ವಾಸಿ"

ಚಿಕ್ಕ ಪತ್ರ. ಆದರೆ ಇದರ ಒಂದೊಂದು ಸಾಲಿಗೂ ಕಾರಣವಿದೆ.

"ಕಟ್ಟಿ ಮುಗಿದ ಮನೆ", "ಸ್ವಾಧೀನಕ್ಕೆ ಬಂದಿದೆ" ಎಂಬ ಮಾತುಗಳೇ ಬಡ್ಡಿ ಕಡಿತದ ಬುನಾದಿ. ಕಟ್ಟಡ ಇನ್ನೂ ಏಳುತ್ತಿರುವ ಫ್ಲ್ಯಾಟಿಗೆ ಸಾಲ ತೆಗೆದವರೂ ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಾರೆ, ಆದರೆ ಮನೆ ಪೂರ್ಣಗೊಳ್ಳುವ ವರ್ಷದವರೆಗೆ ಅದಕ್ಕೆ ಕಡಿತ ಸಿಗುವುದಿಲ್ಲ. ಅಲ್ಲಿಯವರೆಗೆ ಕಟ್ಟಿದ ಬಡ್ಡಿಯನ್ನು ಕೂಡಿಸಿ, ಮನೆ ಮುಗಿದ ವರ್ಷದಿಂದ ಐದು ಸಮ ಕಂತುಗಳಲ್ಲಿ ಕಳೆಯಬಹುದು. ಆ ಕಂತೂ ವರ್ಷದ 2 ಲಕ್ಷದ ಮಿತಿಯೊಳಗೇ ಬರಬೇಕು. ಸಾಲ ಪಡೆದ ಹಣಕಾಸು ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ ಮನೆ ಪೂರ್ಣವಾಗದಿದ್ದರೆ ಮಿತಿ 30,000ಕ್ಕೆ ಕುಸಿಯುತ್ತದೆ. ಆದ್ದರಿಂದ ಕಟ್ಟುತ್ತಿರುವ ಮನೆಯ ಬಡ್ಡಿಯನ್ನು ಘೋಷಣೆಯಲ್ಲಿ ಬರೆದು, ಜನವರಿಯಲ್ಲಿ ಸ್ವಾಧೀನ ಪತ್ರ ಕೇಳಿದಾಗ ಕೊಡಲಾಗದೆ, ಕೊನೆಯ ಎರಡು ಮೂರು ತಿಂಗಳ ಸಂಬಳದಲ್ಲಿ ದೊಡ್ಡ ಮೊತ್ತ ಮುರಿಸಿಕೊಳ್ಳುವವರಿದ್ದಾರೆ.

"ನನ್ನೊಬ್ಬಳ ಹೆಸರಿನಲ್ಲಿ" ಎಂಬುದು ಎರಡನೆಯದು. ಗಂಡ ಹೆಂಡತಿ ಜಂಟಿಯಾಗಿ ಸಾಲ ತೆಗೆದಿದ್ದರೆ ಬ್ಯಾಂಕಿನ ಪ್ರಮಾಣಪತ್ರದಲ್ಲಿ ಇಡೀ ಬಡ್ಡಿ ಇರುತ್ತದೆ. ಇಬ್ಬರೂ ತಮ್ಮ ತಮ್ಮ ಕಂಪನಿಗೆ ಅದನ್ನೇ ಕೊಟ್ಟರೆ ಒಂದೇ ಬಡ್ಡಿ ಎರಡು ಸಲ ಎಣಿಕೆಯಾಗುತ್ತದೆ. ತನ್ನ ಪಾಲು ಎಷ್ಟು ಎಂದು ಪತ್ರದಲ್ಲೇ ಹೇಳಬೇಕು. ಮನೆಯಲ್ಲಿ ಒಡೆತನವಿಲ್ಲದೆ ಸಾಲಕ್ಕೆ ಮಾತ್ರ ಸಹಿ ಹಾಕಿದವರಿಗೆ ಈ ಕಡಿತ ಇಲ್ಲ.

ಮೂರನೆಯದು ಬಾಡಿಗೆಯ ಮಾತು. ಸ್ವಂತ ಮನೆ ಬಂದ ಮೇಲೆ ಬಾಡಿಗೆ ಭತ್ಯೆಯ ವಿನಾಯಿತಿ ಹೋಗುತ್ತದೆ ಎಂದು ಅನೇಕರು ಅಂಜುತ್ತಾರೆ. ಮನೆ ಹಾಸನದಲ್ಲಿ, ಕೆಲಸ ಬೆಂಗಳೂರಿನಲ್ಲಿ, ನಿಜವಾಗಿ ಬಾಡಿಗೆ ಕಟ್ಟುತ್ತಿದ್ದರೆ ಎರಡನ್ನೂ ಪಡೆಯಬಹುದು. ಆದರೆ ಕೊಂಡ ಮನೆಗೇ ವಾಸ ಬದಲಿಸಿದರೆ ಆ ತಿಂಗಳಿನಿಂದ ಬಾಡಿಗೆ ವಿನಾಯಿತಿ ನಿಲ್ಲುತ್ತದೆ; ಅದನ್ನೂ ಇದೇ ಪತ್ರದಲ್ಲಿ ಬರೆಯಬೇಕು. ಸುಮಾಳ ಲೆಕ್ಕದಲ್ಲಿ ಅದು ತಿಂಗಳಿಗೆ 23,750 ರೂಪಾಯಿಯ ವಿನಾಯಿತಿ.

ನಾಲ್ಕನೆಯದು ಮೊತ್ತ. ಕಂತನ್ನು ಹನ್ನೆರಡರಿಂದ ಗುಣಿಸಿ ಅದನ್ನೇ ಬಡ್ಡಿ ಎಂದು ಬರೆಯುವುದು ಸಾಮಾನ್ಯ ತಪ್ಪು. ಬ್ಯಾಂಕಿನ ಪ್ರಮಾಣಪತ್ರ ಬಡ್ಡಿಯನ್ನೂ ಅಸಲನ್ನೂ ಬೇರೆ ಮಾಡಿ, ಮಾರ್ಚ್‌ವರೆಗೆ ಎಷ್ಟಾಗುತ್ತದೆಂದು ಅಂದಾಜಿಸಿ ತೋರಿಸುತ್ತದೆ. ನಡುವೆ ದೊಡ್ಡ ಮೊತ್ತ ಮುಂಗಡ ಕಟ್ಟಿದರೆ ಬಡ್ಡಿ ಇಳಿದು ಅಸಲು ಏರುತ್ತದೆ, ಆಗ ಹೊಸ ಪ್ರಮಾಣಪತ್ರ ಬೇಕು. ಇನ್ನು ಸಾಲ ಕೊಟ್ಟವರ ಹೆಸರು, ವಿಳಾಸ, ಪ್ಯಾನ್ ಇಲ್ಲದ 12ಬಿಬಿ ಪೇರೋಲ್‌ನಿಂದ ವಾಪಸು ಬರುತ್ತದೆ. ಪತ್ರ ವಿಷಯವನ್ನು ತಿಳಿಸುತ್ತದೆ, ಲೆಕ್ಕ ಬದಲಿಸುವುದು ಫಾರಂ ಮತ್ತು ದಾಖಲೆ.

ಈಗ ತಾರೀಖಿಗೆ ಬರೋಣ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾಳ ಸಂಬಳದಿಂದ 63,180 ರೂಪಾಯಿ ಮುರಿದಾಗಿತ್ತು. ವರ್ಷದ ತೆರಿಗೆ 74,152 ಆದ್ದರಿಂದ ಉಳಿದದ್ದು 10,972. ಅದನ್ನು ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 1,829. ಅಂದರೆ ಹೊಸ ಕಂತು ಶುರುವಾದ ತಿಂಗಳಲ್ಲೇ ಕೈಗೆ ಬರುವ ಸಂಬಳ 8,700 ರೂಪಾಯಿ ಹೆಚ್ಚಾಯಿತು.

ಅದೇ ಪತ್ರವನ್ನು ಆಕೆ ಜನವರಿಯಲ್ಲಿ ಬರೆದಿದ್ದರೆ? ಡಿಸೆಂಬರ್ ಹೊತ್ತಿಗೆ 94,770 ಮುರಿದಾಗಿರುತ್ತಿತ್ತು. ಕೊನೆಯ ಮೂರು ತಿಂಗಳು ಟಿಡಿಎಸ್ ಶೂನ್ಯವಾದರೂ 20,618 ರೂಪಾಯಿ ಹೆಚ್ಚುವರಿಯಾಗಿ ಸರ್ಕಾರದ ಬಳಿ ಉಳಿಯುತ್ತಿತ್ತು. ಹಾಗೆ ಕಟ್ಟಿದ ಹಣವನ್ನು ಕಂಪನಿ ಸಾಮಾನ್ಯವಾಗಿ ಹಿಂದಿರುಗಿಸುವುದಿಲ್ಲ. ರಿಟರ್ನ್ ಸಲ್ಲಿಸಿ ಮರುಪಾವತಿಗೆ ಕಾಯಬೇಕು. ಹಣ ಕಳೆದುಹೋಗುವುದಿಲ್ಲ ನಿಜ, ಆದರೆ ಕಂತು ಕಟ್ಟಲು ಕೈ ಬಿಗಿಯಾಗಿರುವ ಮೊದಲ ತಿಂಗಳುಗಳಲ್ಲಿ ಅದು ಜೊತೆಗಿರುವುದಿಲ್ಲ.

ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಒಂದು ಮಾತು. ಸ್ವಂತ ವಾಸದ ಮನೆಯ ಬಡ್ಡಿಗೂ ಅಸಲಿಗೂ ಅಲ್ಲಿ ಕಡಿತ ಇಲ್ಲ, ಹಾಗಾಗಿ ಈ ಪತ್ರದಿಂದ ಟಿಡಿಎಸ್ ಇಳಿಯದು. ಹೆಚ್ಚಿನ ಕಂಪನಿಗಳು ವರ್ಷದ ನಡುವೆ ಪದ್ಧತಿ ಬದಲಿಸಲೂ ಬಿಡುವುದಿಲ್ಲ. ಆದರೂ ಲೆಕ್ಕ ಹಾಕಿ ನೋಡಬೇಕು. ಹೊಸ ಪದ್ಧತಿಯಲ್ಲಿ ಸುಮಾಳ ತೆರಿಗೆ 97,500. ಸಾಲಕ್ಕೆ ಮುಂಚೆ ಅದೇ ಅಗ್ಗವಾಗಿತ್ತು. ಸಾಲ ಬಂದ ಮೇಲೆ ಹಳೆಯದು 23,348 ರೂಪಾಯಿ ಅಗ್ಗವಾಯಿತು. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಹಳೆ ಪದ್ಧತಿಯನ್ನು ಆರಿಸಿಕೊಂಡು ವ್ಯತ್ಯಾಸವನ್ನು ವಾಪಸು ಪಡೆಯಬಹುದು.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರಿಂದ ಇಲ್ಲಿ ಹೇಳಿದ ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ. ಆದ್ದರಿಂದ ಪತ್ರದಲ್ಲಿ ಸಂಖ್ಯೆಗಿಂತ ಸಂಗತಿಯನ್ನು ಬರೆಯಿರಿ: ಸಾಲ ಯಾವ ದಿನ ಸಿಕ್ಕಿತು, ಮನೆ ಯಾವಾಗ ಕೈಗೆ ಬಂತು, ನಿಮ್ಮ ಪಾಲೆಷ್ಟು, ಮಾರ್ಚ್‌ವರೆಗೆ ಬಡ್ಡಿ ಎಷ್ಟು, ನೀವೀಗ ವಾಸವಿರುವುದು ಎಲ್ಲಿ. ಈ ಐದು ಉತ್ತರಗಳೊಂದಿಗೆ, ಸಾಲದ ಹಣ ಬಿಡುಗಡೆಯಾದ ತಿಂಗಳೇ ಪತ್ರವನ್ನು ಕಳಿಸಿಬಿಡಿ.