ತಪ್ಪು ಬೆಲೆಗೆ ಬುಕ್ ಆದದ್ದನ್ನು ಕೊಡಲೇಬೇಕೇ?

ಆನ್‌ಲೈನ್ ಅಂಗಡಿಯವರು ಬೆಲೆ ತಪ್ಪಾಗಿ ಹಾಕಿದ ದಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು ಸುತ್ತುತ್ತದೆ: ದುಡ್ಡು ಕಟ್ಟಿದ್ದೀರಿ, ಕನ್ಫರ್ಮ್ ಮೆಸೇಜ್ ಬಂದಿದೆ, ಸ್ಕ್ರೀನ್‌ಶಾಟ್ ಇದೆ, ಇನ್ನು ಅವರು ಕೊಡಲೇಬೇಕು. ಇದು ಅರ್ಧ ಸತ್ಯ. ಸಿಂಗಪುರದಲ್ಲಿ 2003ರ ಜನವರಿಯಲ್ಲಿ 3,854 ಡಾಲರಿನ ಲೇಸರ್ ಪ್ರಿಂಟರ್ 66 ಡಾಲರಿಗೆ ಕಾಣಿಸಿಕೊಂಡಿತು. ಸಿಬ್ಬಂದಿಯ ತರಬೇತಿಗೆಂದು ತುಂಬಿದ ಅಂಕಿ ನಿಜವಾದ ಪುಟಕ್ಕೆ ಹೋಗಿಬಿಟ್ಟಿತ್ತು. ಆರು ಜನ ಸೇರಿ 1,606 ಪ್ರಿಂಟರ್ ಬುಕ್ ಮಾಡಿದರು, ಎಲ್ಲರಿಗೂ ಕನ್ಫರ್ಮ್ ಮೇಲ್ ಬಂತು. ಆದರೂ ಹೈಕೋರ್ಟಿನಲ್ಲಿ ಸೋತರು, 2005ರಲ್ಲಿ ಮೇಲ್ಮನವಿಯಲ್ಲೂ ಸೋತರು. ಮೇಲ್ ಬಂದಿಲ್ಲವೆಂದಲ್ಲ, ಬೆಲೆ ತಪ್ಪೆಂದು ಗೊತ್ತಿದ್ದೇ ಬಾಚಿಕೊಳ್ಳಲು ಹೊರಟಿದ್ದರು ಎಂಬ ಕಾರಣಕ್ಕೆ.

ಹಾಗಾದರೆ ಮಾರುವವನು ಮನಸ್ಸು ಬಂದಂತೆ ರದ್ದು ಮಾಡಬಹುದೇ ಎಂದು ಕೇಳಿದರೆ, ಅದೂ ಇಲ್ಲ. ಭಾರತದ 1872ರ ಕರಾರು ಕಾಯ್ದೆಯ 22ನೇ ಕಲಮಿನ ಪ್ರಕಾರ, ಒಬ್ಬನು ತಪ್ಪು ತಿಳಿದಿದ್ದ ಎಂಬ ಒಂದೇ ಕಾರಣಕ್ಕೆ ಕರಾರು ರದ್ದಿಗೆ ಅರ್ಹವಾಗುವುದಿಲ್ಲ. 2014ರಲ್ಲಿ ಒಡಿಶಾದ ಕಾನೂನು ವಿದ್ಯಾರ್ಥಿಯೊಬ್ಬರು 190 ರೂಪಾಯಿಗೆ ಲ್ಯಾಪ್‌ಟಾಪ್ ಬುಕ್ ಮಾಡಿದ್ದರು. ಕಂಪನಿ ರದ್ದು ಮಾಡಿತು. ವರ್ಷಗಳ ನಂತರ ರಾಜ್ಯ ಗ್ರಾಹಕ ಆಯೋಗ ಅವರಿಗೆ ಪರಿಹಾರದ ಹಣ ಕೊಡಿಸಿತು. ಉದಾಹರಣೆಗೆ, 249ಕ್ಕೆ ಕಂಡ 2,499ರ ಮಿಕ್ಸಿ ಸೇಲ್ ಸಮಯದಲ್ಲಿ ನಂಬುವಂಥದ್ದೋ ಅಲ್ಲವೋ ಎಂಬುದು ವಾದಕ್ಕೆ ಬಿಟ್ಟದ್ದು. ಒಬ್ಬರು ಒಂದು ಕೊಂಡರೋ ಇನ್ನೂರು ಕೊಂಡರೋ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಈ ಗೊಂದಲ ಇರುವುದರಿಂದಲೇ ಅಂಗಡಿಯವರು ಕಳುಹಿಸುವ ಕ್ಷಮಾಪಣೆ ಸ್ಪಷ್ಟವಾಗಿರಬೇಕು. 'ತಾಂತ್ರಿಕ ದೋಷದಿಂದಾದ ಅನನುಕೂಲಕ್ಕೆ ವಿಷಾದಿಸುತ್ತೇವೆ' ಎಂದು ನಿಲ್ಲಿಸಿದರೆ ಆರ್ಡರ್ ಉಳಿದಿದೆಯೋ ಹೋಯಿತೋ ಯಾರಿಗೂ ತಿಳಿಯದು. ಹೀಗೆ ಬರೆಯಬೇಕು: 'ಮಾರ್ಚ್ 4ರ ಬೆಳಿಗ್ಗೆ 9ರಿಂದ 11ರವರೆಗೆ 2,499 ರೂಪಾಯಿಯ ಮಿಕ್ಸಿಗೆ ನಾವು 249 ಎಂದು ಹಾಕಿದ್ದೆವು, ತಪ್ಪು ನಮ್ಮದು. ಕಳುಹಿಸಿಯಾದ ಮಿಕ್ಸಿಗಳು ನಿಮ್ಮವೇ, ಹೆಚ್ಚಿಗೆ ಏನೂ ಕೊಡಬೇಕಿಲ್ಲ. ಉಳಿದ ಆರ್ಡರ್‌ಗಳನ್ನು ರದ್ದು ಮಾಡಿದ್ದೇವೆ. ಪೂರ್ತಿ ಹಣ ಮಾರ್ಚ್ 9ರೊಳಗೆ, ಕಟ್ಟಿದ ಖಾತೆಗೇ ವಾಪಸ್ ಬರುತ್ತದೆ.' ಎಲ್ಲ ಆರ್ಡರ್‌ಗಳನ್ನೂ ಅದೇ ಬೆಲೆಗೆ ಕೊಡುವುದಾದರೆ ಅದನ್ನೂ ಇಷ್ಟೇ ನೇರವಾಗಿ ಹೇಳಬೇಕು.

ಕ್ಷಮೆ ಕೇಳಿದರೆ ಸಾಮಾನು ಕೊಡಲು ಒಪ್ಪಿದಂತೆ ಎಂಬ ಮಾತೂ ಸುಳ್ಳೇ. ಕೇಸು ಹಾಕುವ ಮೊದಲು ಜನ ಫಾರ್ವರ್ಡ್ ನಂಬುವ ಬದಲು ಎರಡು ಸಂಗತಿ ನೋಡಲಿ: ರದ್ದಿಗೆ 'ಸ್ಟಾಕ್ ಇಲ್ಲ' ಎಂದು ಕಾರಣ ಕೊಟ್ಟವರು ಅದೇ ಮಿಕ್ಸಿಯನ್ನು ಮಧ್ಯಾಹ್ನ ಪೂರ್ತಿ ಬೆಲೆಗೆ ಮಾರುತ್ತಿದ್ದಾರೆಯೇ, ಬ್ಯಾಂಕಿಗೆ ಬರಬೇಕಾದ ಹಣವನ್ನು ತಮ್ಮದೇ ಆ್ಯಪಿನ ವಾಲೆಟ್‌ಗೆ ಹಾಕಿದ್ದಾರೆಯೇ. ದೂರು ಕೊಡಲು ತಪ್ಪು ಬೆಲೆಯ ಸ್ಕ್ರೀನ್‌ಶಾಟ್‌ಗಿಂತ ಇವು ಗಟ್ಟಿ ಆಧಾರ.