ಒಂದೇ ಬೇಳೆಗೆ ಮೂರು ಹೆಸರು ಬೇಡ

ದಿನಸಿ ಅಂಗಡಿಯ ಕಂಪ್ಯೂಟರಿನಲ್ಲಿ ಒಬ್ಬರು ‘ತೊಗರಿಬೇಳೆ 1 ಕೆಜಿ’ ಎಂದು ಬರೆದಿದ್ದಾರೆ, ಇನ್ನೊಬ್ಬರು ‘ತೊಗರಿ ಬೇಳೆ 1ಕೆಜಿ’, ಮತ್ತೊಬ್ಬರು ‘ತೂರ್ ದಾಲ್’ ಎಂದುಕೊಳ್ಳಿ. ನಮಗೆ ಮೂರೂ ಒಂದೇ. ಕಂಪ್ಯೂಟರಿಗೆ ಮೂರು ಬೇರೆ ಸಾಮಾನು. ಬಂದ ಸರಕು ಮೊದಲ ಹೆಸರಿಗೆ ಜಮಾ ಆಗಿ, ಬಿಲ್ಲು ಎರಡನೆಯದಕ್ಕೆ ಬಿದ್ದರೆ ಲೆಕ್ಕ ತಪ್ಪುತ್ತದೆ. ಒಂದರಲ್ಲಿ 19 ಪ್ಯಾಕೆಟ್, ಇನ್ನೊಂದರಲ್ಲಿ ಮೈನಸ್ 4, ಕಪಾಟಿನಲ್ಲಿರುವುದು 15. ದಾಸ್ತಾನಿನಲ್ಲಿ ಮೈನಸ್ ಕಂಡರೆ ಮೊದಲು ಜೋಡಿ ಹೆಸರನ್ನು ಹುಡುಕಬೇಕು.

ಇದನ್ನು ತಡೆಯಲು ಸಿಬ್ಬಂದಿಗೆ ಅರ್ಧ ಪುಟದ ಸೂಚನೆ ಸಾಕು. ಹೆಸರಿನ ಕ್ರಮ ಹೀಗಿರಲಿ: ಪದಾರ್ಥ, ಬಗೆ, ಕಂಪನಿ, ತೂಕ. ‘ಅಕ್ಕಿ, ಸೋನಾ ಮಸೂರಿ, ಹಳೆಯದು, 25 ಕೆಜಿ’ ಎಂದು ಬರೆದರೆ ಅಕ್ಕಿಗಳೆಲ್ಲ ಪಟ್ಟಿಯಲ್ಲಿ ಒಟ್ಟಿಗೆ ಕೂರುತ್ತವೆ. ಒಂದು ಕೆಜಿಗಿಂತ ಕಡಿಮೆಯಿದ್ದರೆ ‘ಅರ್ಧ ಕೆಜಿ’ ಬೇಡ, ಪೊಟ್ಟಣದ ಮೇಲಿರುವಂತೆ ‘500 ಗ್ರಾಂ’ ಎಂದೇ ಬರೆಯಬೇಕು. ಅಂಕಿಯ ನಂತರ ಒಂದು ಖಾಲಿ ಜಾಗ ಬಿಡುವುದೂ ನಿಯಮವೇ.

ಗಿರಾಕಿ ಅಂಗಡಿಯಲ್ಲಿ ಕೇಳುವುದಕ್ಕೇ ವಿವರಣೆ ಉತ್ತರವಾಗಲಿ: ‘ಎಣ್ಣೆ ಸವರದ ಬೇಳೆ, ಸಾರು ಹುಳಿಗೆ.’ ‘ಅತ್ಯುತ್ತಮ’, ‘ನಂಬರ್ ಒನ್’ ಎಂಬ ಮಾತುಗಳಿಂದ ಅವರಿಗೆ ಏನೂ ತಿಳಿಯದು. ‘ಹೊಸ ದರ’ದಂಥ ಮಾತು ಹೆಸರಿಗೆ ಸೇರಿದರೆ ತಿಂಗಳಲ್ಲೇ ಸುಳ್ಳಾಗುತ್ತದೆ.

ಹಳೆಯ ಜೋಡಿ ಹೆಸರುಗಳನ್ನು ಅಳಿಸಬೇಡಿ. ಹಿಂದಿನ ಬಿಲ್ಲುಗಳು ಅವನ್ನೇ ನೆಚ್ಚಿವೆ. ಕಪಾಟು ಎಣಿಸಿ, ಆ 15 ಪ್ಯಾಕೆಟನ್ನು ಸರಿಯಾದ ಹೆಸರಿಗೆ ಬರೆದು, ಉಳಿದವನ್ನು ಸೊನ್ನೆ ಮಾಡಿ ಬಳಕೆಯಿಂದ ತೆಗೆಯಿರಿ. ಹೊಸ ಹೆಸರು ಸೇರಿಸುವ ಕೆಲಸ ಒಬ್ಬರ ಕೈಯಲ್ಲೇ ಇರಲಿ.